ಮೂಟೆ ಉದ್ರಿ ಕೊಡುವ ಮೊದಲು

ಪ್ರೀತಿಯ ಮಂಜುಗೆ ಮಾವನ ಆಶೀರ್ವಾದ.

ಗೊತ್ತಿರುವವರೆಲ್ಲ ಫೀಡ್ ಮೂಟೆ ಉದ್ರಿ ಕೇಳುತ್ತಿದ್ದಾರೆ, ಕೊಡಲಾ, ಕೊಟ್ಟರೆ ಎಷ್ಟು ಜಾಸ್ತಿ ಹಾಕಲಿ ಎಂದು ಬರೆದಿದ್ದೀಯ. ನಿನ್ನ ಅಂಗಡಿಯಲ್ಲಿ ಉದ್ರಿ ಕೊಡದೆ ನಡೆಯುವುದಿಲ್ಲ. ಡೇರಿ ಬಟವಾಡೆ ಹದಿನೈದು ದಿನಕ್ಕೊಮ್ಮೆ, ಹಸು ತಿನ್ನುವುದು ದಿನಾ.

ಮೂಟೆ ನಿನಗೆ 1,200ಕ್ಕೆ ಬೀಳುತ್ತದೆ, ನಗದಿಗೆ 1,260ಕ್ಕೆ ಮಾರುತ್ತೀಯ. ಬಂಡವಾಳಕ್ಕೆ ತಂದ ಸಾಲಕ್ಕೆ ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿ. ಅಂದರೆ ಒಂದು ಮೂಟೆಯ ದುಡ್ಡು ತಿಂಗಳು ಹೊರಗಿದ್ದರೆ ನಿನಗೆ 24 ರೂಪಾಯಿ ಖರ್ಚು. ಈ ಬಟವಾಡೆಗೆ ಕೊಡ್ತೀನಿ ಅಂದವರು ಮುಂದಿನದಕ್ಕೆ ಕೊಡುವುದೇ ಹೆಚ್ಚು, ಹಾಗಾಗಿ ತಿಂಗಳೆಂದೇ ಹಿಡಿದು 25 ಸೇರಿಸು. ಬೋರ್ಡಿನಲ್ಲಿ 1,285 ಬರೆದು, ನಗದಿಗೆ 25 ಕಡಿಮೆ ಅನ್ನು. ಉದ್ರಿಗೆ ಜಾಸ್ತಿ ಅಂದರೆ ಜನ ಮುಖ ಸಿಂಡರಿಸುತ್ತಾರೆ.

ಚೀಲದ ಮೇಲಿನ ಎಂಆರ್‌ಪಿ 1,300. ಉದ್ರಿಯಾದರೂ ಅದನ್ನು ದಾಟುವ ಹಾಗಿಲ್ಲ. ನಗದು ಬೆಲೆಯ ಮೇಲೆ ನಿನಗಿರುವುದು ಬರೀ 40 ರೂಪಾಯಿ, ಐವತ್ತು ದಿನಕ್ಕೆ ಅಷ್ಟೂ ಬಡ್ಡಿಗೇ ಸರಿ. ಅದರಾಚೆಗೆ ಕಾಯುವ ಗಿರಾಕಿಗೆ ನೀನು ನಿನ್ನ ಲಾಭವನ್ನೇ ಬಿಟ್ಟುಕೊಡುತ್ತಿದ್ದೀಯ.

ದುಡ್ಡೇ ಬರದಿದ್ದರೆ ಅಂತ ಇನ್ನಷ್ಟು ಸೇರಿಸಲು ಹೋಗಬೇಡ. ಸರಿಯಾಗಿ ಕೊಡುವವನು ಪಕ್ಕದ ಅಂಗಡಿಗೆ ಹೋಗುತ್ತಾನೆ. ಎಷ್ಟು ಹಾಕಿದರೂ ಆಯ್ತು ಅನ್ನುವವನು ಕೊಡುವ ಯೋಚನೆ ಇಲ್ಲದವನೇ ಇರಬೇಕು, ಅಲ್ವಾ? ಒಂದು ಮೂಟೆ ಮುಳುಗಿದರೆ ಇಪ್ಪತ್ತು ಮೂಟೆ ನಗದಿಗೆ ಮಾರಿದ ಲಾಭ ಹೋಯಿತು. ಅದನ್ನು ಬೆಲೆಯಿಂದ ತಡೆಯಲಾಗದು, ಮಿತಿಯಿಂದ ತಡೆಯಬೇಕು. ಹದಿನೈದು ದಿನಕ್ಕೆ ಹಾಲಿನ ದುಡ್ಡು 5,000 ಬರುವ ಮನೆಗೆ ಎರಡು ಮೂಟೆ ಸಾಕು. ಅವು ತೀರದೆ ಮೂರನೆಯದು ಬೇಡ.

ನಾನು ಅಂಗಡಿ ಇಟ್ಟಿದ್ದಾಗ ಒಬ್ಬ ಒಳ್ಳೆಯವನಿಗೆ ಏಳು ಮೂಟೆ ಕೊಟ್ಟೆ. ಅವನ ಎರಡೂ ಹಸು ಒಟ್ಟಿಗೆ ಗಬ್ಬವಾಗಿದ್ದವು, ಹಾಲು ಬತ್ತಿಸಿದ್ದ. ಎರಡು ತಿಂಗಳು ಬಟವಾಡೆಯೇ ಇಲ್ಲ, ಫೀಡ್ ಮಾತ್ರ ಬೇಕೇ ಬೇಕು. ಕರು ಹಾಕಿದ ಮೇಲೆ ಒಂದಕ್ಕೆ ಕೆಚ್ಚಲು ಬಾವು. ಕೊನೆಯ ಮೂಟೆಯ ದುಡ್ಡು ಬರಲು ವರ್ಷ ಕಳೆಯಿತು. ಅವನಲ್ಲಿ ಮೋಸವಿರಲಿಲ್ಲ, ನಾನೇ ಹಸು ಎಷ್ಟು ತಿಂಗಳ ಗಬ್ಬ ಎಂದು ಕೇಳಿರಲಿಲ್ಲ. ಏಳು ತಿಂಗಳು ಅಂದರೆ ಆ ಮನೆಯ ಮಿತಿಯನ್ನು ಒಂದು ಮೂಟೆಗೆ ಇಳಿಸು.

ಪುಸ್ತಕದಲ್ಲಿ ಒಟ್ಟು ಬಾಕಿ ಮಾತ್ರ ಬರೆಯಬೇಡ, ಮೂಟೆಗೊಂದು ತಾರೀಖು ಹಾಕು. ಬಂದ ದುಡ್ಡು ಹಳೆಯ ಮೂಟೆಗೆ ಮೊದಲು ಜಮೆಯಾಗಲಿ. ಐನೂರು ಕೊಟ್ಟು ಮೂಟೆ ಹೊತ್ತುಕೊಂಡು ಹೋಗುವವನು ಆಗ ತಾನೇ ಕಾಣಿಸುತ್ತಾನೆ.

ಹಬ್ಬಕ್ಕೆ ಬಂದಾಗ ಆ ಪುಸ್ತಕ ತಾ, ಕೂತು ನೋಡೋಣ. ಅಕ್ಕನನ್ನು ಕೇಳಿದೆ ಎಂದು ಹೇಳು.

ನಿನ್ನ ಮಾವ