ಆಫರ್ ತಗೊಂಡು ಬಾರದ ಹುಡುಗರು: ತಪ್ಪು ನಮ್ಮದೂ ಇದೆ

ಮಾನ್ಯ ಸಂಪಾದಕರೇ,

ಕ್ಯಾಂಪಸ್‌ನಲ್ಲಿ ಆಫರ್ ತಗೊಂಡು ಕೊನೆಗೆ ಕೆಲಸಕ್ಕೇ ಬಾರದ ಹುಡುಗರ ಬಗ್ಗೆ ಕಳೆದ ವಾರ ಓದುಗರೊಬ್ಬರು ಸಿಟ್ಟಿನಿಂದ ಬರೆದಿದ್ದರು. ಆ ಸಿಟ್ಟು ನನಗೂ ಗೊತ್ತು. ಪೀಣ್ಯದ ಸಣ್ಣ ಕಂಪನಿಯೊಂದರಲ್ಲಿ ಎಚ್‌ಆರ್ ಕೆಲಸ ನನ್ನದು. ಮಷೀನ್ ಬಿಡಿಭಾಗಗಳ ಡಿಸೈನ್ ಮಾಡುವ ಕಂಪನಿ, ಬೇಕಾಗಿರೋದು ಮೆಕ್ಯಾನಿಕಲ್ ಹುಡುಗ ಹುಡುಗಿಯರು. ಎರಡು ವರ್ಷದ ಹಿಂದೆ 18 ಜನ ಬೇಕಿತ್ತು, 32 ಆಫರ್ ಕೊಟ್ಟೆವು. ಮೊದಲ ದಿನ 32 ಐಡಿ ಕಾರ್ಡ್, 32 ಊಟ ರೆಡಿ. ಬಂದವರು 14. ಉಳಿದ ಪಲಾವ್ ಪೊಟ್ಟಣಗಳನ್ನು ಶಾಪ್ ಫ್ಲೋರ್‌ನವರಿಗೆ ಹಂಚಿದೆ.

ನಾನೂ ಮೊದಲು ಹುಡುಗರನ್ನೇ ಬೈದೆ. ಆಮೇಲೆ ಪಟ್ಟಿ ಹಿಡಿದು ಕಾಲೇಜಿನ ಪ್ರಕಾರ ಲೆಕ್ಕ ಹಾಕಿದರೆ ಬೇರೆಯೇ ಕಥೆ. ಬೆಂಗಳೂರಿನ ಎರಡು ದೊಡ್ಡ ಹೆಸರಿನ ಕಾಲೇಜುಗಳಲ್ಲಿ 20 ಆಫರ್ ಕೊಟ್ಟಿದ್ದೆವು, ಬಂದವರು 5. ಜಿಲ್ಲೆಯ ಎರಡು ಕಾಲೇಜುಗಳಲ್ಲಿ ಕೊಟ್ಟದ್ದು ಬರೀ 12, ಅದರಲ್ಲಿ 9 ಜನ ಬಂದರು. ನಾವು ಕಾಲೇಜು ಆರಿಸಿದ್ದು ಹೆಸರು ನೋಡಿ. ಅಲ್ಲಿ ನಮ್ಮ ಸಂಬಳ ಎಷ್ಟನೇ ಸ್ಥಾನದಲ್ಲಿ ನಿಲ್ಲುತ್ತೆ ಅಂತ ಯೋಚಿಸಿರಲೇ ಇಲ್ಲ.

ಹೆಚ್ಚಿನ ಪ್ಲೇಸ್‌ಮೆಂಟ್ ಸೆಲ್‌ಗಳಲ್ಲಿ ಒಬ್ಬರಿಗೆ ಒಂದೇ ಆಫರ್ ಅನ್ನೋ ನಿಯಮ ಇರುತ್ತೆ, ಆದರೆ ಜಾಸ್ತಿ ಸಂಬಳದ 'ಡ್ರೀಮ್ ಕಂಪನಿ' ಬಂದರೆ ಮತ್ತೆ ಇಂಟರ್‌ವ್ಯೂಗೆ ಕೂರಬಹುದು. ಎಷ್ಟು ಸಂಬಳದಿಂದ ಮೇಲೆ ಡ್ರೀಮ್ ಅನ್ನೋದು ಒಂದೊಂದು ಕಾಲೇಜಿಗೆ ಒಂದೊಂದು ಥರ. ನಮ್ಮದು ವರ್ಷಕ್ಕೆ 4 ಲಕ್ಷ. ಆ ಬೆಂಗಳೂರು ಕಾಲೇಜೊಂದರಲ್ಲಿ ಡ್ರೀಮ್ ಗಡಿ 6 ಲಕ್ಷ, ನಮ್ಮ ನಂತರ ಯಾವ ಬ್ರಾಂಚ್ ಆದರೂ ತಗೊಳ್ಳುವ ಐಟಿ ಕಂಪನಿಗಳು ಸಾಲಾಗಿ ಬಂದಿದ್ದವು. ನಮ್ಮ ಆಫರ್ ಆ ಹುಡುಗರಿಗೆ ಕೈಯಲ್ಲಿರಲಿ ಅಂತ ಇಟ್ಕೊಂಡ ಟಿಕೆಟ್ ಅಷ್ಟೇ. ಈಗ ನಾನು ಪ್ಲೇಸ್‌ಮೆಂಟ್ ಆಫೀಸರ್‌ಗೆ ಮೊದಲೇ ಫೋನ್ ಮಾಡಿ ಡ್ರೀಮ್ ಗಡಿ ಎಷ್ಟು, ನಮ್ಮ ನಂತರ ಯಾರು ಬರ್ತಾರೆ, ಹೋದ ವರ್ಷದ ಮೆಕ್ಯಾನಿಕಲ್‌ನವರು ಈಗ ಎಲ್ಲಿದ್ದಾರೆ ಅಂತ ಕೇಳ್ತೀನಿ. ಮೂರನೆಯದಕ್ಕೆ ಉತ್ತರ ಬರದಿದ್ದರೆ ಆ ಕಾಲೇಜು ಬಿಟ್ಟುಬಿಡ್ತೀನಿ.

ಇನ್ನೊಂದು, ಮಧ್ಯದ ಕಾಲ. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಆಫರ್, ಕೆಲಸಕ್ಕೆ ಸೇರೋದು ಮುಂದಿನ ಜುಲೈಗೆ. ಹತ್ತು ತಿಂಗಳು ಒಂದು ಮಾತೂ ಆಡದೆ ಜೂನ್‌ನಲ್ಲಿ ಸುಮ್ನೆ ಒಂದು ಮೇಲ್ ಹಾಕಿದರೆ ಯಾರು ಬರ್ತಾರೆ? ಆವತ್ತು ಬಾರದವರಲ್ಲಿ ಫೋನ್ ಎತ್ತಿದ ಒಬ್ಬ ಹುಡುಗ ಹೇಳಿದ್ದು, "ಸರ್, ಅಕ್ಟೋಬರ್ ಆದ್ಮೇಲೆ ನಿಮ್ಮಿಂದ ಏನೂ ಬರ್ಲಿಲ್ಲ, ಕ್ಯಾನ್ಸಲ್ ಆಯ್ತೇನೋ ಅಂದ್ಕೊಂಡೆ." ಅವನ ಮಾತಲ್ಲೂ ತಪ್ಪಿಲ್ಲ. 2022ರ ಬ್ಯಾಚ್‌ನ ಎಷ್ಟೋ ಮಕ್ಕಳು ಐಟಿ ಆಫರ್ ಹಿಡಿದು ತಿಂಗಳುಗಟ್ಟಲೆ ಕಾದದ್ದನ್ನು ಇವರ ಸೀನಿಯರ್‌ಗಳೇ ಹೇಳಿರ್ತಾರೆ ಅಲ್ವಾ.

ಈಗ ತಿಂಗಳಿಗೊಂದು ಫೋನ್, ಅದೂ ನನ್ನದಲ್ಲ, ಅದೇ ಕಾಲೇಜಿಂದ ಬಂದು ನಮ್ಮಲ್ಲಿ ಕೆಲಸ ಮಾಡ್ತಿರೋರದ್ದು. ಆ ಮಾತಲ್ಲೇ ಯಾರು ಬರ್ತಾರೆ ಅಂತ ಗೊತ್ತಾಗುತ್ತೆ. "ಅಕ್ಕ, ಅಲ್ಲಿ ಪಿಜಿಗೆ ಎಷ್ಟಾಗುತ್ತೆ, ಜಾಲಹಳ್ಳಿ ಮೆಟ್ರೊದಿಂದ ಎಷ್ಟು ದೂರ" ಅಂತ ಕೇಳೋರು ಬರ್ತಾರೆ. "ಹ್ಞೂಂ, ಬರ್ತೀನಿ" ಅಂತ ಒಂದೇ ಮಾತಲ್ಲಿ ಮುಗಿಸಿ, ಮಾರ್ಕ್ಸ್ ಕಾರ್ಡ್ ಅಪ್‌ಲೋಡ್ ಮಾಡೋದನ್ನ ಮುಂದೂಡುತ್ತಲೇ ಇರೋರು ಬರಲ್ಲ. ಅಂಥ ಹೆಸರುಗಳ ಮುಂದೆ ಫೆಬ್ರವರಿಯಲ್ಲೇ ಗುರುತು ಹಾಕ್ತೀನಿ, ಬದಲಿ ಹುಡುಕೋಕೆ ಆಗ ಇನ್ನೂ ಟೈಮ್ ಇರುತ್ತೆ. ಒಪ್ಪಿದವರನ್ನು ಕೊನೆಯ ಸೆಮಿಸ್ಟರ್‌ನಲ್ಲೇ ಸ್ಟೈಪೆಂಡ್ ಕೊಟ್ಟು ಇಂಟರ್ನ್ ಆಗಿ ಕರೆಸ್ತೀವಿ. ಹಾಗೆ ಬಂದವರು ಜುಲೈನಲ್ಲಿ ತಪ್ಪಿಸಿಕೊಂಡದ್ದು ಈವರೆಗೆ ಒಬ್ಬರೇ, ಅವನಿಗೆ ಎಂ.ಟೆಕ್‌ಗೆ ಬರೆಯೋ ಗೇಟ್ ಪರೀಕ್ಷೆಯಲ್ಲಿ ಒಳ್ಳೆ ಸ್ಕೋರ್ ಬಂದಿತ್ತು.

ಆ ಓದುಗರು ಬಾಂಡ್ ಬರೆಸಿಕೊಳ್ಳಿ ಅಂದಿದ್ದರು. ಬಾಂಡ್ ಕಟ್ಟಿಹಾಕೋದು ಸೇರಿದವರನ್ನು, ಕೆಲಸಕ್ಕೇ ಸೇರದವನಿಗೆ ಅದು ಏನು ಮಾಡುತ್ತೆ? ಇನ್ನು ಜಾಸ್ತಿ ಆಫರ್ ಕೊಟ್ಟು ಕೂರೋ ಉಪಾಯವೂ ಅಪಾಯವೇ. 18 ಬೇಕಾದ ಕಡೆ 40 ಕೊಟ್ಟಿರ್ತೀವಿ, ಹೊರಗೆ ಕೆಲಸ ಕಮ್ಮಿ ಇರೋ ವರ್ಷ ನಲವತ್ತೂ ಜನ ಬಾಗಿಲಿಗೆ ಬಂದರೆ ಆಗ ಮಾತು ತಪ್ಪೋರು ನಾವೇ.

ಹೋದ ವರ್ಷ ಬೆಂಗಳೂರಿನ ಒಂದೇ ಕಾಲೇಜು, ಜಿಲ್ಲೆಯ ಮೂರು. 24 ಆಫರ್ ಕೊಟ್ಟೆವು, 19 ಜನ ಬಂದರು. ಆ ಸಲ ಐಡಿ ಕಾರ್ಡ್ ಮಾಡಿಸಿದ್ದು ಜೂನ್ ಕೊನೆಗೆ, 20 ಮಾತ್ರ.

ಇಂತಿ,
ಪೀಣ್ಯದ ಒಬ್ಬ ಎಚ್‌ಆರ್, ಬೆಂಗಳೂರು