ಗಲ್ಫ್‌ನಿಂದ ಮರಳುವ ಎಸಿ ಮೆಕ್ಯಾನಿಕ್‌ಗಳ ಗಮನಕ್ಕೆ

ಊರಲ್ಲಿ ಏನು ಮಾಡೋಣ ಅಂತ ಗುಂಪಿನಲ್ಲಿ ಕೇಳಿದವರಿಗೆ: ಶೋರೂಮ್ ಬೇಡ. ಅಡ್ವಾನ್ಸ್, ಸ್ಟಾಕಿಗೇ ಉಳಿತಾಯ ಮುಗಿಯುತ್ತದೆ. ಸ್ಕೂಟರು, ವ್ಯಾಕ್ಯೂಮ್ ಪಂಪ್, ಗೇಜ್, ಗ್ಯಾಸ್ ತೂಗುವ ತಕ್ಕಡಿ ಇದ್ದರೆ ಸರ್ವಿಸ್ ಶುರು ಮಾಡಬಹುದು.

ನಮ್ಮ ಕರಾವಳಿಯ ಉಪ್ಪುಗಾಳಿಗೆ ಹೊರಗಿನ ಕಾಯಿಲ್ ಬೇಗ ಸವೆದು ತೂತಾಗುತ್ತದೆ. ಲೀಕ್ ಹುಡುಕದೆ ಸುಮ್ನೆ ಗ್ಯಾಸ್ ತುಂಬಿದರೆ ಮತ್ತೆ ಖಾಲಿ, ಗಿರಾಕಿಯೂ ಹೋದ ಹಾಗೆ. ಹೊಸ ಎಸಿಗಳಲ್ಲಿ ಆರ್-32 ಜಾಸ್ತಿ, ಅದು ಹೊತ್ತಿಕೊಳ್ಳುವ ಗ್ಯಾಸ್. ಬೆಸುಗೆಗೆ ಮುಂಚೆ ಪೂರ್ತಿ ತೆಗೆದು ನೈಟ್ರೋಜನ್ ಹಾಯಿಸಿ.

ಮಾರ್ಚ್‌ನಿಂದ ಮೇವರೆಗೆ ಪುರುಸೊತ್ತಿಲ್ಲ. ಮಳೆಗಾಲದಲ್ಲಿ ಫೋನೇ ಬರುವುದಿಲ್ಲ, ಅಲ್ವಾ? ಅದಕ್ಕೇ ಲಾಡ್ಜ್, ಕ್ಲಿನಿಕ್, ಐಸ್‌ಕ್ರೀಮ್ ಅಂಗಡಿಗಳ ವಾರ್ಷಿಕ ಸರ್ವಿಸ್ ಒಪ್ಪಂದ ಮೊದಲು ಹಿಡಿಯಿರಿ. ಹಣ ಮೂರು ತಿಂಗಳಿಗೊಮ್ಮೆ ಬರುವಂತೆ ಬರೆಸಿಕೊಳ್ಳಿ.

ಸಣ್ಣ ಉದ್ದಿಮೆಗಳಿಗೆ ಸರ್ಕಾರ ಮಾಡಿಕೊಡುವ ಉದ್ಯಮ್ ನೋಂದಣಿ ಉಚಿತ. ಅದಕ್ಕೆ ದುಡ್ಡು ಕೇಳುವ ಏಜೆಂಟರಿಗೆ ಕೊಡಬೇಡಿ.