ಕಪ್ಪಿನಲ್ಲಿ ಹೆಸರುಕಾಳಿನ ಓಟ: ಎರಡನೇ ತರಗತಿಯ ಮೇಷ್ಟ್ರಾದ ಗೆಳೆಯನಿಗೊಂದು ಪತ್ರ

ಗೆಳೆಯಾ,

ಮೊಳಕೆ ಸ್ಪರ್ಧೆಗೆ ಯಾವ ಬೀಜ ಅಂತ ಕೇಳಿದ್ದೀಯ. ಹೆಸರುಕಾಳು ತಗೋ. ಏಳು ವರ್ಷದ ಮಕ್ಕಳಿಗೆ ಮೂರು ನಾಲ್ಕು ದಿನದೊಳಗೆ ಏನಾದರೂ ಕಾಣಲೇಬೇಕು. ಕೊತ್ತಂಬರಿ ಹಾಕಿದರೆ ವಾರ ಕಳೆದರೂ ಮಣ್ಣೇ ಕಾಣುತ್ತದೆ, ಅವರು ಬೆರಳು ಹಾಕಿ ಕೆದಕುತ್ತಾರೆ, ಎಳೆ ಬೇರು ಮುರಿಯುತ್ತದೆ. ಕೆದಕುವ ಆಸೆಗೆಂದೇ ಒಂದು ಕಪ್ಪಿನಲ್ಲಿ ಒಂದಷ್ಟು ಕಾಳು ಹೆಚ್ಚಿಗೆ ಹಾಕಿ, 'ಇದನ್ನು ದಿನಕ್ಕೊಂದು ತೆಗೆದು ನೋಡಬಹುದು' ಅಂತ ಹೇಳಿಬಿಡು.

ಸಮಾರಂಭದಲ್ಲಿ ಉಳಿದ ಪಾರದರ್ಶಕ ಪ್ಲಾಸ್ಟಿಕ್ ಲೋಟಗಳೇ ಒಳ್ಳೆಯವು, ಬೇರು ಕಾಣುತ್ತದೆ. ಕಾಯಿಸಿದ ದಬ್ಬಣದಿಂದ ತಳಕ್ಕೆ ನಾಲ್ಕು ತೂತು ನೀನೇ ಮಾಡು. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಚೆನ್ನಾಗಿ ಕಳಿತ ಗೊಬ್ಬರ ಬೆರೆಸಿ ತುಂಬು. ರಾತ್ರಿ ನೆನೆಸಿದ ಕಾಳು ಮೂರನ್ನು ಲೋಟದ ಗೋಡೆಗೆ ತಾಗುವಂತೆ, ಮಗುವಿನ ಬೆರಳಿನ ಮೊದಲ ಗೆರೆಯಷ್ಟು ಆಳಕ್ಕೆ ಇಡಿಸು. ಹೊರಗೆ ಕಪ್ಪು ಕಾಗದ ಸುತ್ತಿ, ನೋಡುವಾಗ ಮಾತ್ರ ಬಿಚ್ಚಿ.

ಹೆಚ್ಚಿನ ಕಪ್ಪುಗಳು ಸೋಲುವುದು ನೀರು ಹೆಚ್ಚಾಗಿಯೇ. ನೀರು ನಿಂತರೆ ಬೀಜಕ್ಕೆ ಗಾಳಿ ಸಿಗದೆ ಕೊಳೆಯುತ್ತದೆ. ಮೂಗಿಗೆ ಹಿಡಿದರೆ ಹುಳಿ ವಾಸನೆ ಗೊತ್ತಾಗುತ್ತದೆ. ಮೊದಲ ದಿನ ತೂತಿನಿಂದ ತೊಟ್ಟಿಕ್ಕುವವರೆಗೆ ಹಾಕಿಸು. ಆಮೇಲೆ ಮೇಲ್ಮಣ್ಣು ಮುಟ್ಟಿ ಒಣಗಿದ್ದರೆ ಮಾತ್ರ ಬಾಟಲಿ ಮುಚ್ಚಳದಲ್ಲಿ ಎರಡು ಮುಚ್ಚಳ.

ಅಳೆಯುವುದಕ್ಕೆ ಸ್ಕೇಲು ಬೇಡ. ದಿನಾ ಒಂದು ಕಾಗದದ ಪಟ್ಟಿಯನ್ನು ಮಣ್ಣಿನ ಮೇಲೆ ನಿಲ್ಲಿಸಿ, ಗಿಡದ ತುದಿಗೆ ಸರಿಯಾಗಿ ಕತ್ತರಿಸಿ, ತಾರೀಕು ಬರೆದು ಪುಸ್ತಕದಲ್ಲಿ ಸಾಲಾಗಿ ಅಂಟಿಸಲಿ. ಮೊದಲ ದಿನಗಳಲ್ಲಿ ಪಟ್ಟಿ ಇರುವುದಿಲ್ಲ, ಆ ಜಾಗ ಖಾಲಿಯೇ ಬಿಡಿಸು. ಮಣ್ಣಿನ ಮೇಲೆ ಏನೂ ಇಲ್ಲದ ಅದೇ ದಿನ ಗೋಡೆಯ ಪಕ್ಕ ಬೇರು ಕೆಳಗಿಳಿದಿರುತ್ತದೆ. ಅದನ್ನು ಮಕ್ಕಳೇ ಕಂಡುಹಿಡಿಯಲಿ, ನೀನು ತೋರಿಸಬೇಡ.

ಇನ್ನು ಗೆಲುವಿನ ಮಾತು. ಬರೀ ಎತ್ತರಕ್ಕೆ ಬಹುಮಾನ ಇಡಬೇಡ. ಒಂದೇ ಕಾಳು, ಒಂದೇ ಮಣ್ಣು, ಒಂದೇ ನೀರು ಇರುವ ಎರಡು ಕಪ್ಪಿನಲ್ಲಿ ಒಂದನ್ನು ಕಿಟಕಿಯಲ್ಲಿ, ಇನ್ನೊಂದನ್ನು ಬೀರುವಿನಲ್ಲಿ ಇಡು. ವಾರದ ಹೊತ್ತಿಗೆ ಬೀರುವಿನದೇ ಎತ್ತರ! ಆದರೆ ದಂಟು ಬಿಳಿ, ಎಲೆ ಹಳದಿ, ಮುಟ್ಟಿದರೆ ಬಾಗುತ್ತದೆ. ಬೆಳಕು ಸಿಗದ ಸಸಿ ಬೇಳೆಯಲ್ಲಿದ್ದ ಆಹಾರವನ್ನೆಲ್ಲ ದಂಟು ಉದ್ದ ಮಾಡಲು ಸುರಿಯುತ್ತದೆ, ಬೆಳಕಿನ ಹುಡುಕಾಟ ಅದು. ಯಾವುದು ಗೆದ್ದಿತು ಅಂತ ಮಕ್ಕಳು ವಾದ ಮಾಡಲಿ. ಬಣ್ಣ, ಎಲೆಯ ಅಗಲ, ದಂಟಿನ ದಪ್ಪ ತಾವಾಗಿಯೇ ಮಾತಿಗೆ ಬರುತ್ತವೆ.

ವಾದ ಮುಗಿದ ಮೇಲೆ ಬೀರುವಿನ ಕಪ್ಪನ್ನು ಹೊರಗೆ ತೆಗೆ. ಮೊದಲು ನೆರಳಲ್ಲಿಡು, ನೇರ ಬಿಸಿಲಿಗೆ ಸುಟ್ಟೀತು. ಒಂದೆರಡು ದಿನದಲ್ಲಿ ಎಲೆ ಹಸಿರಾಗುತ್ತದೆ, ದಂಟು ಮಾತ್ರ ಗಿಡ್ಡ ಆಗುವುದಿಲ್ಲ. ಅದಕ್ಕೊಂದು ಪೊರಕೆಕಡ್ಡಿ ಆಸರೆ ಕೊಡಿಸು.

ನಿನ್ನ ಗೆಳೆಯ